ವೀಕ್ಷಕರ ಪ್ರಶ್ನೆಗಳಿಗೆ ವಾರಕ್ಕೊಂದು ಉತ್ತರ ವಿಡಿಯೊ

ಪ್ರಶ್ನೆ (ಹಾವೇರಿ): ಬ್ಯಾಡಗಿ ಮೆಣಸಿನಕಾಯಿ ಬೆಳೆಯ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇನೆ. ಕಮೆಂಟ್‌ಗಳಲ್ಲಿ ಬರುವ ಪ್ರಶ್ನೆಗಳಿಗೆ ವಾರಕ್ಕೊಂದು ವಿಡಿಯೊದಲ್ಲಿ ಉತ್ತರಿಸುವ ಯೋಚನೆಯಿದೆ. ಪ್ರತಿ ಸಲ ಹೊಸ ಸ್ಕ್ರಿಪ್ಟ್ ಬರೆಯದೆ ಇದನ್ನು ನಡೆಸಿದವರು ದಯವಿಟ್ಟು ಅನುಭವ ತಿಳಿಸಿ.

ಗದಗಿನಿಂದ: ಹೆಚ್ಚು ಲೈಕ್ ಬಂದಿರುವ ಹತ್ತು ಪ್ರಶ್ನೆಗಳನ್ನು ಆರಿಸಿಕೊಂಡು ಒಂದೇ ವಿಡಿಯೊದಲ್ಲಿ ಉತ್ತರಿಸಿರಿ. ವಿವರಣೆಯಲ್ಲಿ 0:00ರಿಂದ ಆರಂಭಿಸಿ ಪ್ರತಿ ಪ್ರಶ್ನೆಯ ಸಮಯವನ್ನು ಬರೆದರೆ, ನೋಡುವವರು ತಮಗೆ ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು.

ಧಾರವಾಡದಿಂದ: ಸಮಯ ಬರೆಯುವ ಸಲಹೆ ಒಳ್ಳೆಯದು. ಆದರೆ ಲೈಕ್ ನೋಡಿ ಆರಿಸಿದರೆ ಬಹಳ ದಿನಗಳಿಂದ ಮೇಲೆ ಕಾಣುತ್ತಿರುವ ಹಳೆಯ ಕಮೆಂಟ್‌ಗಳೇ ಗೆಲ್ಲುತ್ತವೆ, ಈ ವಾರ ಹೊಲದಲ್ಲಿ ಎದ್ದಿರುವ ಪ್ರಶ್ನೆ ಕೆಳಗೇ ಉಳಿಯುತ್ತದೆ. ಯೂಟ್ಯೂಬ್ ಸ್ಟುಡಿಯೊದ ಕಮೆಂಟ್ ಪುಟದಲ್ಲಿ ಪ್ರಶ್ನೆಗಳಿರುವವುಗಳನ್ನು ಮಾತ್ರ ಸೋಸಿ ತೋರಿಸುವ ಫಿಲ್ಟರ್ ಇದೆ. ಅದನ್ನು ಬಳಸಿ, ಬೇರೆ ಬೇರೆ ಮಾತುಗಳಲ್ಲಿ ಬಂದ ಒಂದೇ ಪ್ರಶ್ನೆಯನ್ನು ಒಟ್ಟುಗೂಡಿಸಿ, ವಾರಕ್ಕೆ ಒಂದನ್ನೇ ತೆಗೆದುಕೊಳ್ಳುವುದು ನನ್ನ ಪದ್ಧತಿ.

ಸ್ಕ್ರಿಪ್ಟಿನಲ್ಲಿ ಭಾಗಗಳನ್ನು ಜೋಡಿಸುವ ವಾಕ್ಯಗಳು ಮಾತ್ರ ಸ್ಥಿರವಾಗಿರಲಿ, ನಡುವಿನ ನಾಲ್ಕು ಜಾಗಗಳನ್ನು ಖಾಲಿ ಬಿಡಿರಿ. ಉದಾಹರಣೆಗೆ, «ಕಾಯಿ ಬೆಳ್ಳಗಾಗ್ಯಾವ, ಯಾಕ್ರಿ?» ಎಂಬ ಪ್ರಶ್ನೆ ಬಂದಿದೆ ಎನ್ನೋಣ. ಮೊದಲ ಜಾಗದಲ್ಲಿ ಅದನ್ನು ಕೇಳಿದವರ ಮಾತಿನಲ್ಲಿಯೇ ಓದಬೇಕು. ಎರಡನೆಯದರಲ್ಲಿ ನೇರ ಉತ್ತರ ಬರಬೇಕು: ಕಣದಲ್ಲಿ ಒಣಹಾಕಿದ ಮೇಲೆ ಬೆಳ್ಳಗಾಗಿದ್ದರೆ, ರಾತ್ರಿಯ ಇಬ್ಬನಿಗೆ ಮುಚ್ಚದೆ ಬಿಟ್ಟಿದ್ದರೋ ಎಂಬುದನ್ನು ಮೊದಲು ನೋಡಬೇಕು. ಮೂರನೆಯದು ಉತ್ತರವನ್ನೇ ಬದಲಿಸುವ ಸಂಗತಿಗೆ ಮೀಸಲು: ಗಿಡದಲ್ಲಿರುವಾಗಲೇ ಕಾಯಿಯ ಮೇಲೆ ತಗ್ಗಾದ ಮಚ್ಚೆಯೂ ಅದರೊಳಗೆ ಸುತ್ತುಸುತ್ತಾಗಿ ಕಪ್ಪು ಚುಕ್ಕೆಗಳೂ ಕಂಡಿದ್ದರೆ ಅದು ಕಾಯಿ ಕೊಳೆ ರೋಗವಿರಬಹುದು, ಆಗ ಒಣಗಿಸುವ ಕ್ರಮವನ್ನು ತಿದ್ದುವುದರಿಂದ ಪ್ರಯೋಜನವಿಲ್ಲ. ನಾಲ್ಕನೆಯದರಲ್ಲಿ ವೀಕ್ಷಕರಿಗೆ ಮರುಪ್ರಶ್ನೆ ಹಾಕಬೇಕು: «ಬಣ್ಣ ಹೋದದ್ದು ಗಿಡದಲ್ಲೋ, ಕಣದಲ್ಲೋ? ಬರೆಯಿರಿ.»

ಈ ನಾಲ್ಕರಲ್ಲಿ ಮೂರನೆಯ ಜಾಗವೇ ಮುಖ್ಯವೆಂದು ನಾನು ನಂಬಿದ್ದೇನೆ, ಏಕೆಂದರೆ ಅದನ್ನು ತುಂಬಲಾಗದ ಪ್ರಶ್ನೆಗೆ ಎರಡು ಸಾಲಿನ ಲಿಖಿತ ಉತ್ತರವೇ ಸಾಕಾಗುತ್ತದೆ, ವಿಡಿಯೊ ಬೇಕಾಗುವುದಿಲ್ಲ. ನಾಲ್ಕನೆಯದಕ್ಕೆ ಬಂದ ಉತ್ತರಗಳಿಂದ ಮುಂದಿನ ವಾರದ ವಿಷಯ ಸಿಗುತ್ತದೆ. ಕೇಳಿದವರ ಕಮೆಂಟಿನ ಕೆಳಗೆ ವಿಡಿಯೊದ ಕೊಂಡಿಯನ್ನು ಹಾಕಲು ಮರೆಯಬೇಡಿರಿ.

ಹುಬ್ಬಳ್ಳಿಯಿಂದ: ನಾನು ಹೊಲಿಗೆ ಕಲಿಸುತ್ತೇನೆ. ಭಾನುವಾರ ಲೈವ್ ಬಂದು ಕೇಳಿದ್ದಕ್ಕೆಲ್ಲ ಅಲ್ಲಿಯೇ ಉತ್ತರಿಸುವುದರಿಂದ ನನಗೆ ಸ್ಕ್ರಿಪ್ಟಿನ ಅಗತ್ಯವೇ ಬಂದಿಲ್ಲ.

ಧಾರವಾಡದಿಂದ: ಅಕ್ಕಾವರೆ, ತೋಳಿನ ಅಳತೆಯನ್ನು ಕೈಯಲ್ಲಿ ಹಿಡಿದೇ ತೋರಿಸಬಹುದು. ರೋಗದ ವಿಷಯದಲ್ಲಿ ಕಾಯಿಯನ್ನು ನೋಡದೆ, ಬಲ್ಲವರನ್ನು ಕೇಳದೆ ಲೈವ್‌ನಲ್ಲಿ ಔಷಧಿಯ ಹೆಸರು ಹೇಳಿಬಿಟ್ಟರೆ ರೈತರು ಅದನ್ನೇ ತಂದು ಸಿಂಪಡಿಸುತ್ತಾರೆ.

ಗದಗಿನಿಂದ: ವಾರಕ್ಕೆ ಒಂದೇ ಪ್ರಶ್ನೆಯಾದರೆ ಉಳಿದವರು ಬೇಸರಪಟ್ಟುಕೊಳ್ಳುತ್ತಾರೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೂರು ಪ್ರಶ್ನೆಗಳಿಗೆ ಇದೇ ಚೌಕಟ್ಟು ಹೊಂದುತ್ತದೆಯೇ?

ಧಾರವಾಡದಿಂದ: ಮೂರೂ ಒಣಗಿಸುವಿಕೆಗೇ ಸಂಬಂಧಿಸಿದ್ದರೆ ಹೊಂದಬಹುದು. ಬೇರೆ ಬೇರೆ ವಿಷಯಗಳಿಗೆ ನಾನು ಬಳಸಿ ನೋಡಿಲ್ಲ.