ಮ್ಯಾಕ್ಸಿ ಡ್ರೆಸ್ಸನ್ನು ವೇಲ್ ಹಾಕುವ ಕುರ್ತಾ ಮಾಡಿದವರಿದ್ದೀರಾ?

ಪುಟ್ಟಗೌರಿ:
ರೇಯಾನ್ ಬಟ್ಟೆಯ ಉದ್ದ ಮ್ಯಾಕ್ಸಿ ಡ್ರೆಸ್ ಒಂದಿದೆ. ತೋಳಿಲ್ಲ, ಕುತ್ತಿಗೆ ವಿ ಆಕಾರ, ಸೊಂಟದಲ್ಲಿ ಹೊಲಿಗೆ ಇದ್ದು ಅಲ್ಲಿಂದ ಕೆಳಗೆ ಫ್ಲೇರ್, ಬೆನ್ನಿನಲ್ಲಿ ಜಿಪ್. ಹೂವಿನ ಪ್ರಿಂಟ್ ತುಂಬಾ ಇಷ್ಟ, ಆದರೆ ಹಾಗೇ ಹಾಕಿಕೊಳ್ಳುವ ಸಂದರ್ಭವೇ ಬರುತ್ತಿಲ್ಲ. ತಂಗಿ ಮಗುವಿನ ನಾಮಕರಣಕ್ಕೆ ಕುರ್ತಾ ಮಾಡಿ ವೇಲ್ ಹಾಕೋಣ ಅಂತಿದ್ದೇನೆ. ನನ್ನ ಭುಜ ಇಳಿಜಾರು, ಯಾವ ವೇಲ್ ಹಾಕಿದರೂ ಜಾರುತ್ತದೆ. ಎಲ್ಲಿಂದ ಶುರು ಮಾಡಲಿ?

ಚಕಚಕ:
ಇದಕ್ಕೆಲ್ಲ ಯೋಚನೆ ಯಾಕೆ? ಮೊಣಕಾಲಿನ ಕೆಳಗೆ ಕತ್ತರಿಸಿ, ಎರಡೂ ಬದಿ ಓಪನ್ ಕೊಡಿ, ಲೆಗ್ಗಿಂಗ್ ಹಾಕಿ, ಮೇಲೊಂದು ವೇಲ್. ಉಳಿದ ಬಟ್ಟೆಯಲ್ಲಿ ತೋಳು ಬರುತ್ತದೆ. ನಾನು ಹೀಗೇ ಮಾಡಿದ್ದು, ಅರ್ಧ ದಿನದ ಕೆಲಸ ಅಷ್ಟೇ.

ಶಿವಮೊಗ್ಗ ಟೈಲರಮ್ಮ:
ಗೌರಿ, ದಯವಿಟ್ಟು ಇವತ್ತೇ ಕತ್ತರಿ ಹಿಡಿಯಬೇಡಮ್ಮ. ಆ ಪ್ರಿಂಟ್ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ, ನಿನ್ನ ಹತ್ತಿರ ಇರುವ ಹೆಚ್ಚುವರಿ ಬಟ್ಟೆ ಅಂದರೆ ಕೆಳಗಿನ ಆ ಸುತ್ತು ಮಾತ್ರ. ಮೇಲೆ ಎಷ್ಟು ಬೇಕು ಅಂತ ಗೊತ್ತಾಗುವ ಮೊದಲೇ ಅದನ್ನು ಕತ್ತರಿಸಿದರೆ ಆಮೇಲೆ ಕೈ ಕಟ್ಟಿದ ಹಾಗೆ.

ಓಪನ್ ವಿಷಯಕ್ಕೆ ಬಂದರೆ, ಚಕಚಕ ಅವರ ಡ್ರೆಸ್ ನೇರ ಕಟ್ ಇದ್ದಿರಬೇಕು. ಅಂಥದ್ದಕ್ಕೆ ಸೈಡ್ ಓಪನ್ ಚೆನ್ನಾಗಿ ಕೂರುತ್ತದೆ. ಸೊಂಟದಲ್ಲಿ ಹೊಲಿಗೆ ಇದ್ದು ಫ್ಲೇರ್ ಇದ್ದರೆ ಓಪನ್ ಕೊಡಬಾರದು. ಮುಂದೆ ಹಿಂದೆ ಎರಡು ಪರದೆ ನೇತಾಡಿದ ಹಾಗೆ ಕಾಣುತ್ತದೆ, ನಡೆದರೆ ಕಾಲಿನ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಅದನ್ನು ಅನಾರ್ಕಲಿ ತರಹ ಮುಚ್ಚಿಯೇ ಬಿಡು.

ಮೊದಲು ಡ್ರೆಸ್ಸನ್ನು ಒಗೆದು ಒಣಗಿಸು. ರೇಯಾನ್ ಕುಗ್ಗುವ ಬಟ್ಟೆ, ಅಳತೆ ಅದಾದ ಮೇಲೇ ತೆಗೆಯಬೇಕು. ಆಮೇಲೆ ನಾಲ್ಕು ಅಳತೆ ಹೇಳು: ಭುಜದಿಂದ ಕೆಳಗಿನ ತನಕ ಉದ್ದ, ಕುತ್ತಿಗೆ ಅಗಲ, ವಿ ಎಷ್ಟು ಆಳ, ಭುಜದ ಪಟ್ಟಿ ಎಷ್ಟು ಅಗಲ. ಜೊತೆಗೆ ನಿನಗೆ ಸರಿಯಾಗಿ ಕೂರುವ ಒಂದು ಚೂಡಿ ಟಾಪಿನ ಶೋಲ್ಡರ್ ಅಳತೆಯೂ ಬೇಕು.

ಮೈಸೂರ್ ಪಾಕಿ:
ಹಳೇ ಸೀರೆಯಲ್ಲಿ ಕುರ್ತಾ ಮಾಡಿಸಿದರೆ ವೇಲ್ ಕೂಡ ಅದರಲ್ಲೇ ಬರುತ್ತದೆ ಗೊತ್ತಾ? ಸೆರಗನ್ನು ವೇಲ್ ಮಾಡಿ, ಒಡಲಲ್ಲಿ ಕುರ್ತಾ. ನಾನು ಅಮ್ಮನ ಸೀರೆಯಲ್ಲಿ ಮಾಡಿಸಿಕೊಂಡೆ, ಎಲ್ಲರೂ ಕೇಳಿದರು.

ಪುಟ್ಟಗೌರಿ:
ಪಾಕಿ, ಸೀರೆ ಅಲ್ಲ, ಡ್ರೆಸ್ 😅

ಅಕ್ಕಾ, ಒಗೆದು ಅಳೆದೆ. ಉದ್ದ 52 ಇಂಚು. ಕುತ್ತಿಗೆ ಅಗಲ 8, ವಿ ಆಳ 8. ಭುಜದ ಪಟ್ಟಿ 2 ಇಂಚು. ನನ್ನ ಚೂಡಿ ಟಾಪಿನ ಶೋಲ್ಡರ್ 14. ಕುರ್ತಾ 42 ಇಂಚು ಉದ್ದ ಇದ್ದರೆ ಸಾಕು, ತೋಳು ಮೊಣಕೈ ತನಕ ಬೇಕು.

ಶಿವಮೊಗ್ಗ ಟೈಲರಮ್ಮ:
ಸರಿ, ಈಗ ನೋಡು. ಕುತ್ತಿಗೆ 8, ಎರಡು ಪಟ್ಟಿ ಸೇರಿ 4, ಒಟ್ಟು 12. ನಿನಗೆ ಬೇಕಾದದ್ದು 14. ಅಂದರೆ ಒಂದೊಂದು ಕಡೆ ಒಂದಿಂಚು ಕಡಿಮೆ. ಅದರ ಮೇಲೆ ಕುತ್ತಿಗೆಯೂ ಅಗಲ, ಇಳಿಜಾರು ಭುಜಕ್ಕೆ 8 ಇಂಚು ಅಗಲದ ಕುತ್ತಿಗೆ ಅಂದರೆ ಒಂದಲ್ಲ ಒಂದು ಕಡೆ ಜಾರಿಯೇ ಜಾರುತ್ತದೆ. ವೇಲ್ ಜಾರುವುದಕ್ಕೂ ಅರ್ಧ ಕಾರಣ ಇದೇ, ಅದಕ್ಕೆ ಕೂರಲು ಜಾಗವೇ ಇಲ್ಲ.

ಕುತ್ತಿಗೆಗೆ ಸುಲಭದ ದಾರಿ ಇದೆ. ಹಳೇ ಅಂಚನ್ನು ಬಿಚ್ಚಬೇಡ. ಬೇರೆ ಬಟ್ಟೆಯ ಪಟ್ಟಿಗೆ ತೆಳು ಕ್ಯಾನ್ವಾಸ್ ಅಂಟಿಸಿ, ಎರಡು ಮಡಿಕೆ ಮಾಡಿ, ಕುತ್ತಿಗೆಯ ಅಂಚಿನ ಕೆಳಗೆ ಇಟ್ಟು ಮೇಲಿನಿಂದ ಹೊಲಿ. ಮುಕ್ಕಾಲು ಇಂಚು ಒಳಕ್ಕೆ ಕಾಣುವ ಹಾಗೆ. ಎರಡೂ ಕಡೆ ಸೇರಿ ಅಗಲ ಸುಮಾರು ಆರೂವರೆಗೆ ಬರುತ್ತದೆ. ವಿ ಓರೆಯಾಗಿ ಇರುವುದರಿಂದ ಅದರ ತುದಿ ಮುಕ್ಕಾಲಲ್ಲ, ಒಂದೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಮೇಲೆ ಬರುತ್ತದೆ. ಆಳವೂ ಆರೂವರೆಯ ಹತ್ತಿರ ಆಯಿತು. ಒಳಗೆ ತುಂಡು ಕೊಟ್ಟು ಮುಚ್ಚುವ ಕೆಲಸ ಇಲ್ಲ. ಒಂದು ಎಚ್ಚರಿಕೆ, ವಿ ಬದಿಗಳು ಎಳೆದರೆ ಹಿಗ್ಗುತ್ತವೆ, ರೇಯಾನ್ ಆದರೆ ಇನ್ನೂ ಜಾಸ್ತಿ. ಹೊಲಿಯುವಾಗ ಕೈಯಲ್ಲಿ ಎಳೆಯಬೇಡ. ಹೊಲಿದ ಮೇಲೆ ವಿ ಬಾಯಿ ಬಿಟ್ಟ ಹಾಗೆ ಮೈಯಿಂದ ಎದ್ದು ನಿಂತರೆ ಎಳೆದಿದ್ದೀಯ ಅಂತ ಅರ್ಥ.

ಚಕಚಕ:
ಭುಜ ಇಳಿಜಾರಿದ್ದರೆ ಶೋಲ್ಡರ್ ಪ್ಯಾಡ್ ಇಟ್ಟರೆ ಆಯಿತಲ್ಲ? ಜಾರೋದೂ ನಿಲ್ಲುತ್ತದೆ.

ಶಿವಮೊಗ್ಗ ಟೈಲರಮ್ಮ:
ತೆಳ್ಳಗಿನ ಪ್ಯಾಡ್ ಇಡಬಹುದು, ತಪ್ಪಲ್ಲ. ಆದರೆ ರೇಯಾನ್ ಮೆತ್ತಗೆ ಬೀಳುವ ಬಟ್ಟೆ, ಪ್ಯಾಡಿನ ಅಂಚು ಹೊರಗೆ ಗೆರೆಯ ಹಾಗೆ ಕಾಣುತ್ತದೆ. ನಾನಾದರೆ ಭುಜವನ್ನೇ ಮೈಗೆ ಸರಿ ಮಾಡುತ್ತೇನೆ.

ಗೌರಿ, ಡ್ರೆಸ್ ಹಾಕಿಕೊಂಡು ಕನ್ನಡಿ ಮುಂದೆ ನಿಂತು ನೋಡು. ಕುತ್ತಿಗೆಯ ಬುಡದಿಂದ ಕಂಕುಳಿನ ಕಡೆಗೆ ಓರೆ ಸುಕ್ಕು ಬೀಳುತ್ತಿದೆಯಾ, ಪಟ್ಟಿಯ ಹೊರತುದಿ ಮೈಗೆ ಅಂಟದೆ ಮೇಲೆ ನಿಂತಿದೆಯಾ? ಹಾಗಿದ್ದರೆ ಆ ತುದಿಯಲ್ಲಿ ಚಿವುಟಿ ಪಿನ್ ಹಾಕು. ಸಾಮಾನ್ಯವಾಗಿ ಅರ್ಧ ಇಂಚು ಹಿಡಿಯುತ್ತದೆ. ಹೊರತುದಿಯಲ್ಲಿ ಅರ್ಧ ಇಂಚು ಹಿಡಿದು, ಕುತ್ತಿಗೆ ಕಡೆ ಬರುತ್ತಾ ಸೊನ್ನೆಗೆ ಇಳಿಸಿ ಭುಜದ ಹೊಲಿಗೆ ಹಾಕಿದರೆ ಸುಕ್ಕು ಹೋಗುತ್ತದೆ. ಕುತ್ತಿಗೆ ಪಟ್ಟಿ ಕೊಡುವ ಮೊದಲೇ ಈ ಕೆಲಸ ಮುಗಿಸಬೇಕು.

ಆಗ ತೋಳಿನ ಸುತ್ತು ಸಣ್ಣದಾಗುತ್ತದೆ. ಅದೂ ಅಲ್ಲದೆ ತೋಳಿಲ್ಲದ ಡ್ರೆಸ್ಸಿಗೆ ಕಂಕುಳ ಮೊದಲೇ ಎತ್ತರಕ್ಕೆ ಕತ್ತರಿಸಿರುತ್ತಾರೆ, ಒಳಗೆ ಏನೂ ಕಾಣಬಾರದು ಅಂತ. ಅದಕ್ಕೆ ಸೀದಾ ತೋಳು ಹಚ್ಚಿದರೆ ಕೈ ಎತ್ತಲು ಆಗುವುದಿಲ್ಲ. ಕಂಕುಳನ್ನು ಮೊದಲು ಅರ್ಧ ಇಂಚು ಇಳಿಸಿ, ಕಚ್ಚಾ ಹೊಲಿಗೆಯಲ್ಲಿ ತೋಳು ಹಚ್ಚಿ ನೋಡು, ಬಿಗಿ ಅನಿಸಿದರೆ ಇನ್ನೂ ಸ್ವಲ್ಪ. ಒಂದು ಇಂಚು ದಾಟಬೇಡ, ಜಾಸ್ತಿ ಇಳಿದರೆ ಕೈ ಎತ್ತಿದಾಗ ಇಡೀ ಕುರ್ತಾವೇ ಮೇಲಕ್ಕೆ ಬರುತ್ತದೆ.

ಭುಜದಲ್ಲಿ ಕಡಿಮೆ ಇರುವ ಆ ಒಂದಿಂಚನ್ನು ತೋಳಿನಲ್ಲಿ ಕೊಡೋಣ. ನಿನ್ನ ಟಾಪಿನ ತೋಳನ್ನು ಪೇಪರ್ ಮೇಲೆ ಇಟ್ಟು ಗೆರೆ ಎಳೆ. ಮೇಲಿನ ಗುಂಡು ಭಾಗವನ್ನು ಮಾತ್ರ ಒಂದಿಂಚು ಎತ್ತರಿಸು. ಹೊಲಿಯುವಾಗ ಅಲ್ಲಿ ಬಟ್ಟೆ ಉಳಿಯುತ್ತದೆ, ಅದನ್ನು ಭುಜದ ತುದಿಯಲ್ಲೇ ಎರಡು ಮೂರು ಸಣ್ಣ ನೆರಿಗೆ ಮಾಡಿ ಸೇರಿಸು. ಹೊಲಿಗೆ ಒಳಗಿದ್ದರೂ ತೋಳು ನಿನ್ನ ಭುಜದ ಮೂಳೆ ತನಕ ಬಂದು ಮಡಚುತ್ತದೆ. ನೋಡುವವರಿಗೆ ಇದೇ ಡಿಸೈನ್.

ಪುಟ್ಟಗೌರಿ:
ತೋಳು ಕೆಳಗಿನ ಬಟ್ಟೆಯಲ್ಲಿ ಬರುತ್ತದಾ ಅಕ್ಕಾ?

ಶಿವಮೊಗ್ಗ ಟೈಲರಮ್ಮ:
52ರಲ್ಲಿ 42 ಮತ್ತು ಮಡಿಚಲು ಒಂದಿಂಚು ಹೋದರೆ 9 ಇಂಚು ಉಳಿಯಿತು. ಗುಂಡಿಗೇ ಆರು ಇಂಚು ಹೋಗುತ್ತದೆ. ಹಾಗಾಗಿ ಗಿಡ್ಡ ತೋಳು ಮಾತ್ರ, ಅದೂ ಮೊದಲಿನ ಅಂಚನ್ನೇ ತೋಳಿನ ಅಂಚಾಗಿ ಉಳಿಸಿಕೊಂಡರೆ. ಮುಂದಿನ ನಡು ಮತ್ತು ಹಿಂದಿನ ನಡುವಿನಿಂದ ಒಂದೊಂದು ತೋಳು ತೆಗೆಯಬೇಕು, ಬದಿಯಿಂದ ತೆಗೆದರೆ ಅಲ್ಲಿ ನೂಲು ಓರೆ ಇರುತ್ತದೆ, ತೋಳು ತಿರುಚಿಕೊಳ್ಳುತ್ತದೆ.

ನಿನಗೆ ಮೊಣಕೈ ತನಕ ಬೇಕಲ್ಲ, ಹಾಗಾದರೆ ವೇಲ್ ಬಟ್ಟೆಯಲ್ಲೇ ತೋಳು ಮಾಡು. ರೆಡಿ ವೇಲ್ ಕೊಳ್ಳಬೇಡ. ಪ್ರಿಂಟಿನಲ್ಲಿರುವ ಒಂದು ಬಣ್ಣ ಆರಿಸಿ 44 ಇಂಚು ಪನ್ನದ ಮಲ್ ಕಾಟನ್ 3 ಮೀಟರ್ ತಗೋ. ಅದನ್ನೂ ಒಗೆದು ಇಸ್ತ್ರಿ ಮಾಡು. ಎರಡೂಕಾಲು ಮೀಟರ್ ವೇಲಿಗೆ, ಉಳಿದದ್ದರಲ್ಲಿ ಎರಡು ತೋಳು, ಕುತ್ತಿಗೆ ಪಟ್ಟಿ. ವೇಲಿನ ಬಟ್ಟೆ ಕುತ್ತಿಗೆಯಲ್ಲೂ ತೋಳಲ್ಲೂ ಕಂಡರೆ ಆಗ ಅದು ಸೆಟ್. ಇಲ್ಲದಿದ್ದರೆ ಡ್ರೆಸ್ ಮೇಲೆ ಯಾರದ್ದೋ ವೇಲ್ ಹಾಕಿಕೊಂಡ ಹಾಗೆ ಇರುತ್ತದೆ.

ಜಾರುಬಂಡಿ:
ವೇಲ್ ಜಾರುವ ವಿಷಯಕ್ಕೆ ನನ್ನ ಅನುಭವ. ನಾನು ಜಾರ್ಜೆಟ್ ಬಿಟ್ಟು ಕಾಟನ್ನಿಗೆ ಬಂದ ಮೇಲೆ ಅರ್ಧ ಸಮಸ್ಯೆ ಹೋಯಿತು, ರೇಯಾನ್ ಮೇಲೆ ಜಾರ್ಜೆಟ್ ನಿಲ್ಲುವುದೇ ಇಲ್ಲ. ಎರಡೂ ತುದಿ ಬೆನ್ನಿಗೆ ಬಿಟ್ಟು ಹಾಕಿದರೆ ಇನ್ನೊಂದು ತೊಂದರೆ, ವೇಲಿನ ಭಾರ ಕುರ್ತಾವನ್ನೂ ಹಿಂದಕ್ಕೆ ಎಳೆಯುತ್ತದೆ. ಮುಂದೆ ಕುತ್ತಿಗೆ ಗಂಟಲಿಗೆ ಒತ್ತುತ್ತದೆ, ಇಡೀ ದಿನ ಕೆಳಗೆ ಎಳೆದುಕೊಳ್ಳುತ್ತಾ ಇರಬೇಕು. ಈಗ ನಾನು ಒಂದೇ ಭುಜಕ್ಕೆ ನೆರಿಗೆ ಹಿಡಿದು ಹಾಕುತ್ತೇನೆ.

ಶಿವಮೊಗ್ಗ ಟೈಲರಮ್ಮ:
ಸರಿಯಾಗಿ ಹೇಳಿದಿರಿ. ಪಿನ್ನನ್ನು ಕುತ್ತಿಗೆ ಹತ್ತಿರ ಹಾಕಬೇಡ ಗೌರಿ, ಭುಜದ ತುದಿಯಿಂದ ಒಂದಿಂಚು ಒಳಗೆ, ಹೊಲಿಗೆಯ ಮೇಲೆಯೇ ಹಾಕು. ಬರೀ ಬಟ್ಟೆಗೆ ಹಾಕಿದರೆ ರೇಯಾನ್ ತೂತಾಗಿ ನೂಲು ಬಿಡುತ್ತದೆ. ಭುಜ ಹೊಲಿಯುವಾಗಲೇ ಒಳಗೆ ಒಂದು ತುಂಡು ಟೇಪ್ ಸೇರಿಸಿ ಹೊಲಿದರೆ ಪಿನ್ ಅದನ್ನು ಹಿಡಿಯುತ್ತದೆ, ಭುಜವೂ ಹಿಗ್ಗುವುದಿಲ್ಲ.

ಕಡೆಗೆ ಕೆಳಗಿನ ಅಂಚು. ಕತ್ತರಿಸಿದ ಮೇಲೆ ಒಂದು ರಾತ್ರಿ ಹ್ಯಾಂಗರಿನಲ್ಲಿ ತೂಗುಹಾಕು. ಫ್ಲೇರಿನ ಬದಿಗಳು ಇಳಿಯುತ್ತವೆ. ಆಮೇಲೆ ಹಾಕಿಕೊಂಡು ನಿಂತು, ಬೇರೆಯವರ ಕೈಯಲ್ಲಿ ನೆಲದಿಂದ ಮೇಲಕ್ಕೆ ಅಳೆಸಿ ಗುರುತು ಮಾಡಿಸು. ಭುಜದಿಂದ ಅಳೆದರೆ ಸಮ ಬರುವುದಿಲ್ಲ.

ಟೀ ಶರ್ಟ್ ತಾಯಿ:
ನನ್ನ ಹತ್ತಿರ ಮೈಗೆ ಅಂಟುವ ಬಾಡಿಕಾನ್ ಡ್ರೆಸ್ ಇದೆ, ಎಳೆದರೆ ಹಿಗ್ಗುತ್ತದೆ. ಅದಕ್ಕೂ ಹೀಗೇ ಮಾಡಬಹುದಾ?

ಶಿವಮೊಗ್ಗ ಟೈಲರಮ್ಮ:
ಬೇಡಮ್ಮ. ಅದಕ್ಕೆ ಬೇರೆ ಸೂಜಿ ಬೇಕು, ಹಿಗ್ಗುವ ಬಟ್ಟೆಗೆ ಹಿಗ್ಗದ ತೋಳು ಹಚ್ಚಿದರೆ ಸೇರಿಸಿದ ಕಡೆಯೆಲ್ಲ ಸುಕ್ಕು. ಅದರ ಮೇಲೆ ಮುಂದೆ ತೆರೆದಿರುವ ಉದ್ದ ಜಾಕೆಟ್ ಹಾಕಿಕೊಳ್ಳಿ.

ಪುಟ್ಟಗೌರಿ:
ಬೆನ್ನಿನ ಜಿಪ್ ಏನು ಮಾಡಲಿ? ವೇಲಿನ ನೂಲು ಸಿಕ್ಕಿಕೊಳ್ಳುತ್ತದೆ ಅನ್ನೋ ಭಯ.

ಚಕಚಕ:
ಬಿಚ್ಚಿ ಬದಿಗೆ ಹಾಕಿ. ಬೆನ್ನು ನೀಟಾಗಿ ಕಾಣುತ್ತದೆ.

ಶಿವಮೊಗ್ಗ ಟೈಲರಮ್ಮ:
ಬದಿಗೆ ಹಾಕಿದರೆ ಬೆನ್ನು ಮುಚ್ಚಿಹೋಗುತ್ತದೆ, ಆರೂವರೆ ಇಂಚಿನ ಕುತ್ತಿಗೆಯಲ್ಲಿ ತಲೆ ತೂರಿದರೂ ಸೊಂಟದ ಬಿಗಿ ಭುಜ ದಾಟಬೇಕಲ್ಲ. ನಾನು ಹಾಗೇ ಬಿಡುತ್ತೇನೆ. ಕುತ್ತಿಗೆ ಪಟ್ಟಿಯನ್ನು ಜಿಪ್ಪಿನ ಹತ್ತಿರ ಎರಡು ತುಂಡಾಗಿ ನಿಲ್ಲಿಸಿ, ಮೇಲೆ ಒಂದು ಹುಕ್ಕು.

ಜಾರುಬಂಡಿ:
ನನ್ನದು ಬದಿಯ ಜಿಪ್ಪೇ, ಏನೂ ತೊಂದರೆ ಆಗಿಲ್ಲ. ಆದರೆ ನನ್ನದು ಸ್ವಲ್ಪ ಸಡಿಲ ಇದೆ, ಅದಕ್ಕಿರಬಹುದು.

ಪುಟ್ಟಗೌರಿ:
ಹಾಗಾದರೆ ಭುಜ, ತೋಳು ಕಚ್ಚಾ ಹಾಕಿ ನೋಡಿ ಆಮೇಲೆ ಜಿಪ್ ವಿಷಯ ನಿರ್ಧಾರ ಮಾಡುತ್ತೇನೆ. ಪ್ರಿಂಟಿನಲ್ಲಿ ಸಾಸಿವೆ ಹಳದಿಯೂ ಇದೆ, ಕಡು ಹಸಿರೂ ಇದೆ. ವೇಲಿಗೆ ಯಾವುದು ತಗೊಳ್ಳಲಿ?

ಮೈಸೂರ್ ಪಾಕಿ:
ನಾಮಕರಣಕ್ಕೆ ಹಳದಿ! ಇದಕ್ಕೂ ಯಾರಾದರೂ ಕೇಳ್ತಾರಾ?