ಅಪ್ಪನ ವಾಯ್ಸ್ ಮೆಸೇಜ್ ಉಳಿಸಿಕೊಳ್ಳುವುದು ಹೇಗೆ?

ಹೊಸನಗರದಿಂದ: ದಿನಕ್ಕೆ ಒಂದೂವರೆ ಜಿಬಿ ಡೇಟಾ, ಅದೂ ಮಳೆಗಾಲದಲ್ಲಿ ಸಿಗ್ನಲ್ ಬಂದರೆ. ಆಂಡ್ರಾಯ್ಡ್ ಫೋನ್ ಬದಲಾಯಿಸುತ್ತಿದ್ದೇನೆ, ನಂಬರ್ ಅದೇ. ಅಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ ವಾಯ್ಸ್ ಮೆಸೇಜ್‌ಗಳು ಹೋಗಬಾರದು. ಗೂಗಲ್ ಡ್ರೈವ್ ಬೇಡ, ಲ್ಯಾಪ್‌ಟಾಪ್ ಇದೆ. ಯಾರಾದರೂ ಮಾಡಿದ್ದೀರಾ?

ತೀರ್ಥಹಳ್ಳಿ: ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ವೆಬ್ ಹಾಕಿ, ಎಲ್ಲ ಅಲ್ಲೇ ಕಾಣುತ್ತೆ. ಇಷ್ಟಕ್ಕೆ ಯಾಕೆ ತಲೆಬಿಸಿ?

ಸಾಗರ: ಕಾಣುತ್ತೆ, ಆದರೆ ಅದು ಬ್ಯಾಕಪ್ ಅಲ್ಲ ಮಾರಾಯ್ರೆ. ಹಳೆಯದೆಲ್ಲ ಅಲ್ಲಿಗೆ ಬರುವುದಿಲ್ಲ, ಡೇಟಾ ಬೇರೆ ತಿನ್ನುತ್ತೆ.

ಹೋದ ಮಳೆಗಾಲದಲ್ಲಿ ನಾನು ಯುಎಸ್‌ಬಿ ಕೇಬಲ್‌ನಲ್ಲೇ ಮಾಡಿದೆ. ವಾಟ್ಸಾಪ್ ದಿನಾ ರಾತ್ರಿ 2 ಗಂಟೆಗೆ ಫೋನ್ ಒಳಗೇ ಒಂದು ಪ್ರತಿ ಇಟ್ಟುಕೊಳ್ಳುತ್ತೆ. ಇವತ್ತಿನದೂ ಬೇಕಲ್ವಾ? ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ನಲ್ಲಿ ಗೂಗಲ್ ಬ್ಯಾಕಪ್ ಆಫ್ ಮಾಡಿ, ಆಮೇಲೆ ಒಮ್ಮೆ ಬ್ಯಾಕಪ್ ಒತ್ತಿ. ಕೇಬಲ್ ಹಾಕಿದಾಗ ಫೋನ್‌ನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿ. ಆ ಆಯ್ಕೆಯೇ ಬರದಿದ್ದರೆ ಕೇಬಲ್ ಬರೀ ಚಾರ್ಜಿಂಗ್‌ನದ್ದಿರಬಹುದು. ನಾನು ಅರ್ಧ ದಿನ ಲ್ಯಾಪ್‌ಟಾಪ್‌ಗೆ ಬೈದೆ! ಆಮೇಲೆ ಈ ಫೋಲ್ಡರ್ ಪೂರ್ತಿ ಕಾಪಿ ಮಾಡಿ:

```
Android/media/com.whatsapp/WhatsApp
```

ನನ್ನದು 9 ಜಿಬಿ ಇತ್ತು. ಸಣ್ಣ ಸಣ್ಣ ಫೈಲ್ ಸಾವಿರಾರು, ಮಧ್ಯೆ ಒಮ್ಮೆ ನಿಂತೇ ಹೋಯಿತು. ಆಮೇಲೆ ಒಳಗಿನ ಫೋಲ್ಡರ್‌ಗಳನ್ನು ಒಂದೊಂದಾಗಿ ಹಾಕಿದೆ. ಎರಡೂ ಕಡೆ ಫೈಲ್ ಎಷ್ಟಿವೆ ಎಂದು ಎಣಿಕೆ ಹೋಲಿಸದೆ ಹಳೆ ಫೋನ್ ಮುಟ್ಟಬೇಡಿ.

ಶಿವಮೊಗ್ಗ: ನಾನು `msgstore.db.crypt14` ಅನ್ನೋದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ, ಬರೀ ಕಸ. ಫೈಲ್ ಕೆಟ್ಟಿದೆ ಅಂತ ಅಳಿಸಿಬಿಟ್ಟೆ.

ಸಾಗರ: ಅಯ್ಯೋ! ಕೆಟ್ಟಿರಲಿಲ್ಲ, ಬೀಗ ಹಾಕಿತ್ತು ಅಷ್ಟೆ. ಮಾತೆಲ್ಲ ಅದರಲ್ಲೇ ಇರುವುದು, ವಾಟ್ಸಾಪ್ ಮಾತ್ರ ತೆರೆಯುತ್ತೆ. ಫೋಟೊ, ಧ್ವನಿಗೆ ಬೀಗ ಇಲ್ಲ. ಹೊಸನಗರದವರೇ, Media ಒಳಗಿನ WhatsApp Voice Notes ನೋಡಿ. `.opus` ಫೈಲ್‌ಗಳು ವಿಎಲ್‌ಸಿಯಲ್ಲಿ ಕೇಳುತ್ತವೆ. ಹೆಸರಲ್ಲಿ ತಾರೀಕು ಇರುತ್ತೆ, ಕಳಿಸಿದವರ ಹೆಸರು ಇರಲ್ಲ. ಅದಕ್ಕೇ ಅಪ್ಪನ ಚಾಟ್ ತೆರೆದು ಎಕ್ಸ್‌ಪೋರ್ಟ್ ಚಾಟ್, ಮೀಡಿಯಾ ಸಮೇತ ಕೊಡಿ. ಮೇಲ್ ಬೇಡ, ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪ್‌ಗೆ ಕಳಿಸಿ. ಉದ್ದದ ಚಾಟ್ ಆದರೆ ತೀರಾ ಹಳೆಯದು ಬಿಟ್ಟುಹೋಗಬಹುದು, ಮೊದಲ ತಾರೀಕು ನೋಡಿಕೊಳ್ಳಿ.

ಕೊಪ್ಪ: ನಮ್ಮ ಅಡಿಕೆ ಗ್ರೂಪಿನ ಗುಡ್ ಮಾರ್ನಿಂಗ್ ಫೋಟೊಗಳೇ 4 ಜಿಬಿ! ಅವನ್ನು ತೆಗೆಯೋದು ಹೇಗೆ?

ಸಾಗರ: ಅದು ಬೇರೆ ರಾಮಾಯಣ. ಹೊಸ ಫೋನಿನ ವಿಷಯ ಹೇಳಿ ಮುಗಿಸ್ತೇನೆ. ವಾಟ್ಸಾಪ್ ಇನ್‌ಸ್ಟಾಲ್ ಮಾಡಿ, ನಂಬರ್ ಕೊಡುವ ಮೊದಲೇ ಆ ಫೋಲ್ಡರನ್ನು ಅದೇ ಜಾಗಕ್ಕೆ ಹಾಕಿ. ಆಮೇಲೆ ಅದೇ ನಂಬರ್ ಕೊಟ್ಟರೆ ರಿಸ್ಟೋರ್ ಕೇಳುತ್ತೆ. ಕೇಳಿದಾಗ ಸ್ಕಿಪ್ ಒತ್ತಬೇಡಿ. ಒಟಿಪಿಗೆ ಸಿಗ್ನಲ್ ಬೇಕು, ನಾನು ಗುಡ್ಡ ಹತ್ತಿದ್ದೆ.

ಶಿವಮೊಗ್ಗ: ಬ್ಯಾಕಪ್‌ಗೆ ಪಾಸ್‌ವರ್ಡ್ ಇಟ್ಟು ಮರೆತಿದ್ದರೆ?

ಸಾಗರ: ಹಳೆ ಫೋನಿನಲ್ಲಿ ವಾಟ್ಸಾಪ್ ಇನ್ನೂ ತೆರೆದುಕೊಳ್ಳುತ್ತಾ? ಅದು ಹೇಳಿ ಮೊದಲು.