ಬೊಲಿಂಜರ್ ಸ್ಕ್ವೀಜ್ ಸ್ಕ್ಯಾನರ್: ಸಿಗ್ನಲ್ ಬರುತ್ತೆ, ಬ್ರೇಕ್‌ಔಟ್ ಕೈಕೊಡುತ್ತೆ. ಕೋಡ್ ತಪ್ಪಾ, ನಾನೇ ತಪ್ಪಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ದಿನದ ಚಾರ್ಟಿಗೆ ಒಂದು ಸಣ್ಣ ಸ್ಕ್ಯಾನರ್ ಬರೆದಿದ್ದೇನೆ. 20 ದಿನದ ಸರಾಸರಿ, ಮೇಲೆ ಕೆಳಗೆ 2 ಸ್ಟ್ಯಾಂಡರ್ಡ್ ಡೀವಿಯೇಶನ್. ಬ್ಯಾಂಡ್ ಅಗಲ ಆರು ತಿಂಗಳಲ್ಲೇ ಕಡಿಮೆ ಆದರೆ ಸ್ಕ್ವೀಜ್ ಅಂತ ತೋರಿಸುತ್ತದೆ.

```python
width = upper - lower
sq = width == width.rolling(125).min()
```

ಬೆಲೆ ಎಕ್ಸ್‌ಚೇಂಜಿನ ದಿನದ ಫೈಲಿಂದ ತಗೊಳ್ತೇನೆ. ಕಳೆದ ತಿಂಗಳು ಒಂದು ಶೇರು ಸಿಕ್ತು. ರಿಸಲ್ಟ್ ದಿನ 460ರಿಂದ 500ಕ್ಕೆ ಹಾರಿ, ಆಮೇಲೆ 498–502ರಲ್ಲೇ ಕೂತಿತ್ತು. ಒಂದು ದಿನ ಬ್ಯಾಂಡ್ ಇದ್ದಕ್ಕಿದ್ದಂತೆ ಕುಗ್ಗಿತು. ಮರುದಿನ 505ಕ್ಕೆ ಮುಗಿಯಿತು, ಮೇಲಿನ ಬ್ಯಾಂಡಿಗಿಂತ ಹೊರಗೆ. ಕೊಂಡೆ. ಮೂರೇ ದಿನಕ್ಕೆ 496, ಸ್ಟಾಪ್‌ಲಾಸ್ ಹೊಡೀತು. ಹೀಗೆ ಆಗಿದ್ದು ಇದು ನಾಲ್ಕನೇ ಸಲ. ಎಲ್ಲಿ ಎಡವುತ್ತಿದ್ದೇನೆ?

ಗೂಳಿರಾಯ:
ಸ್ಕ್ವೀಜ್ ಅಂದ್ರೆ ಶಾರ್ಟ್ ಹೊಡೆದವರು ಸಿಕ್ಕಿಹಾಕಿಕೊಂಡು ಗಾಬರಿಯಲ್ಲಿ ಕೊಳ್ಳೋದು ಅಲ್ವಾ ಬ್ರದರ್? ಅದಕ್ಕೆ ಓಪನ್ ಇಂಟರೆಸ್ಟ್ ನೋಡ್ಬೇಕು. ಬ್ಯಾಂಡ್ ನೋಡಿದ್ರೆ ಹೇಗೆ ಗೊತ್ತಾಗುತ್ತೆ?

ತುಂಗಾತೀರ:
ಅದು ಶಾರ್ಟ್ ಸ್ಕ್ವೀಜ್ ಸರ್. ಇದು ಬೇರೆ. ಬ್ಯಾಂಡ್ ಹಿಂಡಿಕೊಳ್ಳೋದು ಅಷ್ಟೇ.

ಹಳೇಚಾರ್ಟು:
ಕೋಡಿನಲ್ಲೂ ಒಂದು ತಪ್ಪಿದೆ, ಓದಿದ ರೀತಿಯಲ್ಲೂ ಒಂದಿದೆ. ಮೊದಲು ಕೋಡ್.

ನೀವು ಅಗಲವನ್ನು ರೂಪಾಯಿಯಲ್ಲಿ ಅಳೆಯುತ್ತಿದ್ದೀರಿ. ಎಕ್ಸ್‌ಚೇಂಜಿನ ಕಚ್ಚಾ ಫೈಲಿನಲ್ಲಿ ಬೋನಸ್, ಸ್ಪ್ಲಿಟ್ ಆದಾಗ ಹಳೇ ಬೆಲೆ ತಿದ್ದಿರುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಇನ್ಫೋಸಿಸ್ 1:1 ಬೋನಸ್ ಕೊಟ್ಟಿತು, ಬೆಲೆ ಸರಿಸುಮಾರು ಅರ್ಧ ಆಯ್ತು. ಅಂಥ ಕಡೆ ಮೊದಲ 20 ದಿನ ಬ್ಯಾಂಡ್ ಬಲೂನಿನ ಹಾಗೆ ಉಬ್ಬುತ್ತದೆ. ಆಮೇಲೆ ಶೇರು ಮೊದಲಿನಷ್ಟೇ ಕುಣಿಯುತ್ತಿದ್ದರೂ ರೂಪಾಯಿ ಲೆಕ್ಕದಲ್ಲಿ ಅಗಲ ಅರ್ಧ. ನಿಮ್ಮ ಸ್ಕ್ಯಾನರ್ ಅದನ್ನು ಸ್ಕ್ವೀಜ್ ಅಂತ ಹಿಡಿಯುತ್ತದೆ. ಜಾನ್ ಬೊಲಿಂಜರ್ ಅವರ ಬ್ಯಾಂಡ್‌ವಿಡ್ತ್‌ನಲ್ಲಿ ನಡುವಿನ ಗೆರೆಯಿಂದ ಭಾಗಿಸುವುದು ಇದಕ್ಕೇ ಅನುಕೂಲ.

```python
c = df["Close"]
m = c.rolling(20).mean()
s = c.rolling(20).std(ddof=0)
bw = 4 * s / m
sq = bw <= bw.rolling(125).min()
```

`ddof=0` ಮರೆತರೆ pandas 20ರ ಬದಲು 19ರಿಂದ ಭಾಗಿಸುತ್ತದೆ. ಬ್ಯಾಂಡ್ ಶೇಕಡಾ 2.6ರಷ್ಟು ಅಗಲ ಬರುತ್ತದೆ, ಚಾರ್ಟಿಗೆ ತಾಳೆ ಆಗುವುದಿಲ್ಲ. ಸ್ಕ್ವೀಜ್ ಹುಡುಕೋಕೆ ಅದರಿಂದ ವ್ಯತ್ಯಾಸ ಇಲ್ಲ, ಎಲ್ಲಾ ದಿನಕ್ಕೂ ಒಂದೇ ಪ್ರಮಾಣ. ಆದರೆ ಬೋನಸ್ಸಿಗೆ ತಿದ್ದಿದ ಬೆಲೆ ಮಾತ್ರ ಬೇಕೇ ಬೇಕು. ಭಾಗಿಸಿದ ಮಾತ್ರಕ್ಕೆ ಆ 20 ದಿನದ ಬಲೂನು ಹೋಗುವುದಿಲ್ಲ.

ಈಗ ನಿಮ್ಮ 500 ರೂಪಾಯಿ ಶೇರು. ಲೆಕ್ಕ ಸುಲಭ ಆಗಲಿ ಅಂತ, ಜಿಗಿದ ಮೇಲೆ ಒಂದು ದಿನ 498, ಒಂದು ದಿನ 502 ಅಂತ ಇಟ್ಟುಕೊಳ್ಳೋಣ. ಹತ್ತೊಂಬತ್ತು ದಿನ ಕಳೆದಾಗ 20 ದಿನದ ಕಿಟಕಿಯೊಳಗೆ ಹಳೇ 460 ಒಂದೇ ಒಂದು ಉಳಿದಿರುತ್ತದೆ. ಆ ಒಂದರಿಂದಲೇ ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 9, ಬ್ಯಾಂಡ್ ಅಗಲ ಸುಮಾರು 36 ರೂಪಾಯಿ. ಮರುದಿನ ಅದು ಉದುರುತ್ತದೆ. ಡೀವಿಯೇಶನ್ 2, ಅಗಲ 8. ಅವತ್ತು ಮಾರುಕಟ್ಟೆಯಲ್ಲಿ ಏನೂ ಆಗಿಲ್ಲ. ಇಪ್ಪತ್ತು ದಿನದ ಹಿಂದಿನ ಬೆಲೆ ಆಚೆ ಹೋಯ್ತು, ಅಷ್ಟೇ. ನೀವು 20ರ ಬದಲು 15 ಹಾಕಿದ್ದರೆ "ಸ್ಕ್ವೀಜ್ ದಿನ" ಐದು ದಿನ ಮೊದಲೇ ಬರುತ್ತಿತ್ತು. ಶೇರು ಶಾಂತವಾಗಿದೆ ಅನ್ನೋದು ನಿಜ. ಅದು ಶಾಂತವಾಗಿ ಮೂರು ವಾರದ ಮೇಲಾಗಿತ್ತು ಅನ್ನೋದೂ ನಿಜ.

ಮಿರ್ಚಿಭಜಿ:
ಹಂಗಾದ್ರ ನಂದೂ ಇದೇ ಕಥೀ ಇರಬೇಕ್ರೀ. ನಾನು ನಿಫ್ಟಿ 5 ನಿಮಿಷದ ಚಾರ್ಟ್ ನೋಡ್ತೀನಿ. ಗ್ಯಾಪ್ ಓಪನ್ ಆದ ದಿನ 11 ಗಂಟೆ ಸುಮಾರಿಗೆ ಬ್ಯಾಂಡ್ ಟಕ್ ಅಂತ ಸಣ್ಣಗಾಗ್ತಾವ. ಆಪರೇಟರ್‌ಗಳು ಚಹಾ ಕುಡಿಯೋ ಹೊತ್ತು ಅಂತ ತಿಳ್ಕೊಂಡಿದ್ದೆ.

ಹಳೇಚಾರ್ಟು:
ಹಹ್ಹಾ. 20 ಕ್ಯಾಂಡಲ್ ಅಂದರೆ 100 ನಿಮಿಷ. 9:15ಕ್ಕೆ ಶುರುವಾದರೆ 10:55ಕ್ಕೆ ನಿನ್ನೆಯ ಕೊನೇ ಕ್ಯಾಂಡಲ್ ಹೊರಗೆ ಹೋಗುತ್ತದೆ. ಗ್ಯಾಪ್ ಅಲ್ಲಿಗೆ ಲೆಕ್ಕದಿಂದ ಮಾಯ.

ಮಿರ್ಚಿಭಜಿ:
ಎರಡು ವರ್ಷ ಅದನ್ನ ನೋಡಿ ಆಪ್ಷನ್ ತಗೊಂಡೀನ್ರೀ ನಾನು. ಇರ್ಲಿ ಬಿಡ್ರಿ.

ಸುಮ್ನೆ_ನೋಡೋಳು:
ಒಂದು ಮಾತು ಬಿಟ್ಟುಹೋಯ್ತು. ಸ್ಕ್ವೀಜ್ ದಿಕ್ಕು ಹೇಳಲ್ಲ, ಸರಿ. ಆದರೆ ದೊಡ್ಡ ಚಲನೆ ಬಂದೇ ಬರುತ್ತೆ ಅಂತ ಹೇಳುತ್ತೆ. ಹಾಗಾಗಿ ದಿಕ್ಕಿನ ಗೊಡವೆಯೇ ಬೇಡ, ಕಾಲ್ ಪುಟ್ ಎರಡೂ ಕೊಂಡು ಕೂತ್ಕೊಳ್ಳಿ.

ಹಳೇಚಾರ್ಟು:
ಅರ್ಧ ಒಪ್ಪುತ್ತೇನೆ ಮೇಡಂ. ಅಗಲ ಎಂದಾದರೂ ಹಿಗ್ಗುತ್ತದೆ, ಅದು ಸರಿ. ಯಾವಾಗ ಅನ್ನೋದು ಅದರಲ್ಲಿಲ್ಲ. ಶಾಂತ ದಿನಗಳ ಬೆನ್ನಿಗೆ ಶಾಂತ ದಿನಗಳೇ ಬರುವುದು ಜಾಸ್ತಿ. ಆರು ತಿಂಗಳ ಕನಿಷ್ಠ ಅಂತ ಇವತ್ತು ಬಂದದ್ದು ನಾಳೆ ಇನ್ನೂ ಕೆಳಗಿನ ಕನಿಷ್ಠಕ್ಕೆ ಹೋಗಬಹುದು. `sq` ಸತತವಾಗಿ ಹತ್ತು ದಿನ True ಬಂದದ್ದು ನಾನೇ ನೋಡಿದ್ದೇನೆ. ಅಷ್ಟೂ ದಿನ ನಿಮ್ಮ ಎರಡೂ ಪ್ರೀಮಿಯಂ ಕರಗುತ್ತಿರುತ್ತದೆ. ಜೊತೆಗೆ 'ದೊಡ್ಡ' ಅನ್ನೋದು ಯಾವುದಕ್ಕೆ ಹೋಲಿಸಿ? ಅಗಲ 1.6%ನಿಂದ 4%ಗೆ ಹೋದರೆ ಎರಡೂವರೆ ಪಟ್ಟು. ಆದರೂ ಶೇರಿನ ಮಾಮೂಲಿ ಓಡಾಟ ಅಷ್ಟೇ ಇರಬಹುದು.

ತುಂಗಾತೀರ ಅವರ 505 ಕಥೆಯೂ ಇದೇ. ಆ ದಿನದ ಮುಕ್ತಾಯವನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೇಲಿನ ಬ್ಯಾಂಡ್ 504.60ರ ಆಸುಪಾಸು ಬರುತ್ತದೆ. 505 ಅದರ ಹೊರಗೆ, ನಿಜ. ಆದರೆ ಅದು 500ಕ್ಕಿಂತ ಶೇಕಡಾ ಒಂದು ಮಾತ್ರ ಮೇಲೆ! ಬೇರೆ ತಿಂಗಳಲ್ಲಾದರೆ ಆ ಶೇರಿನ 1% ಏರಿಕೆಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೇಲಿ ಎಷ್ಟು ಹತ್ತಿರ ಬಂತೋ, ದಾಟೋದು ಅಷ್ಟು ಅಗ್ಗ. ಸ್ಕ್ವೀಜ್ ಆದಾಗ ಹುಸಿ ಬ್ರೇಕ್‌ಔಟ್ ಜಾಸ್ತಿ ಕಾಣೋದಕ್ಕೆ ಇದೂ ಒಂದು ಕಾರಣ. ಬೊಲಿಂಜರ್ ಅವರೂ ಇದನ್ನು ಹೆಡ್ ಫೇಕ್ ಅಂತ ಕರೆದು ಎಚ್ಚರಿಸಿದ್ದಾರೆ.

ಸುಮ್ನೆ_ನೋಡೋಳು:
ಹಾಗಾದ್ರೆ ಕೆಲ್ಟ್ನರ್ ಚಾನೆಲ್ ಒಳಗೆ ಬೊಲಿಂಜರ್ ಪೂರ್ತಿ ಬಂದಾಗ ಮಾತ್ರ ಸ್ಕ್ವೀಜ್ ಅಂತ ಹಿಡಿದರೆ? ಅದರಲ್ಲಿ ದಿನದ ಹೈ ಲೋ ಕೂಡ ಲೆಕ್ಕಕ್ಕೆ ಬರುತ್ತಲ್ಲ.

ಹಳೇಚಾರ್ಟು:
ಅದರಲ್ಲೊಂದು ಅನುಕೂಲ ಇದೆ. ಮುಕ್ತಾಯ ಒಂದೇ ಕಡೆ ನಿಂತು, ದಿನದೊಳಗೆ ಜೋರಾಗಿ ಕುಣಿಯುವ ಶೇರನ್ನು ಬೊಲಿಂಜರ್ 'ಶಾಂತ' ಅನ್ನುತ್ತದೆ. ಕೆಲ್ಟ್ನರ್ ಹಾಗಲ್ಲ, ದಿನದ ಓಡಾಟಕ್ಕೆ ತಕ್ಕಂತೆ ಅಗಲವಾಗುತ್ತದೆ. ಆದರೆ ಅದೇ ಶೇರಿನಲ್ಲಿ ಬೊಲಿಂಜರ್ ಒಳಗೆ ಬೀಳೋದೂ ಸುಲಭ ಆಗುತ್ತದೆ! ಅಂದರೆ ಅದು ಅಳೆಯೋದೇ ಬೇರೆ ಸಂಗತಿ. ಯಾವುದು ಮೇಲು ಅಂತ ನಾನಿನ್ನೂ ತೀರ್ಮಾನಿಸಿಲ್ಲ.

ತುಂಗಾತೀರ:
ಕೋಡ್ ಬದಲಿಸಿ, ತಿದ್ದಿದ ಬೆಲೆ ಹಾಕಿ ಓಡಿಸಿದೆ. ಹಿಂದೆ 11 ಶೇರು ಬರುತ್ತಿದ್ದ ಕಡೆ ಇವತ್ತು 8. ಬಿದ್ದುಹೋದ ಮೂರರಲ್ಲಿ ಎರಡು ಬೋನಸ್ ಕೊಟ್ಟವು. ಇನ್ನೊಂದು ಸುಮ್ನೆ ಇಳೀತಾ ಬಂದಿದ್ದು. ಬೆಲೆ ಇಳಿದಷ್ಟೂ ರೂಪಾಯಿ ಅಗಲ ಕಡಿಮೆ ಆಗ್ತಿತ್ತು, ಅದನ್ನು ನಾನು ಯೋಚನೆಯೇ ಮಾಡಿರಲಿಲ್ಲ.

ಹಳೇಚಾರ್ಟು ಸರ್, ಇನ್ನೊಂದು. ಆಚೆ ಹೋದ ಬೆಲೆಯಿಂದ ಕುಗ್ಗಿದ್ದಾ, ನಿಜವಾಗಿ ಕುಗ್ಗಿದ್ದಾ ಅಂತ ಬೇರೆ ಮಾಡೋದು ಹೇಗೆ?

ಹಳೇಚಾರ್ಟು:
ಒಂದೇ ದಿನದಲ್ಲಿ `bw` ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದರೆ 20 ದಿನ ಹಿಂದಿನ ಕ್ಯಾಂಡಲ್ ನೋಡಿ. ಅಲ್ಲಿ ಗ್ಯಾಪ್ ಸಿಗುತ್ತೆ. ಆ ಮೂರನೇ ಒಂದು ಭಾಗ ನನ್ನ ಅಂದಾಜು, ಶಾಸ್ತ್ರ ಅಲ್ಲ. ಜೊತೆಗೆ 10 ದಿನದ ಅಗಲವನ್ನೂ ಪಕ್ಕದಲ್ಲಿ ಹಾಕಿಕೊಳ್ಳಿ. ಅದು ಎರಡು ವಾರದಿಂದ ಕೆಳಗೇ ಇದ್ದರೆ ನಿಮ್ಮ ಸಿಗ್ನಲ್ ಹೊಸ ಸುದ್ದಿ ಅಲ್ಲ.

ಗೂಳಿರಾಯ:
ಎಲ್ಲಾ ಓದಿದೆ. ಆ 8 ಶೇರು ಯಾವುದು ಅಂತ ಮಾತ್ರ ಯಾರೂ ಹೇಳ್ಲಿಲ್ಲ.